ಹಿಡಿದು, ಗುರುತು ಹಾಕಿ, ಬಿಟ್ಟು ಎಣಿಸಿದ್ದು: ಕಾಫಿ ತೋಟದ ಬಸವನಹುಳು ಲೆಕ್ಕ

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಆಫ್ರಿಕನ್ ಬಸವನಹುಳು ಹೊಕ್ಕರೆ ಎಲ್ಲರೂ ಮಾಡುವುದು ಒಂದೇ: ರಾತ್ರಿ ಟಾರ್ಚ್ ಹಿಡಿದು ಆರಿಸುವುದು, ಮರುವಾರ ಬಕೆಟ್ ತುಂಬದಿದ್ದರೆ ಹುಳು ಕಡಿಮೆಯಾಯಿತು ಎನ್ನುವುದು. ಇದು ಲೆಕ್ಕವಲ್ಲ. ಅದೇ ತೋಟದಲ್ಲಿ ಮಳೆ ಬಿಟ್ಟು ಮೂರು ದಿನ ಒಣಗಿದರೆ ನಲವತ್ತು ಹುಳು ಸಿಗುವುದಿಲ್ಲ, ಜಡಿಮಳೆ ನಿಂತ ರಾತ್ರಿ ಇನ್ನೂರು ಮೀರುತ್ತದೆ. ಬಕೆಟ್ ಹೇಳುವುದು ಆ ರಾತ್ರಿಯ ತೇವವನ್ನು ಮಾತ್ರ. ಅದಕ್ಕೇ ನಾವು ಒಂದಷ್ಟು ಹುಳುಗಳಿಗೆ ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿದು ಎಣಿಸಲು ಹೊರಟೆವು. ಎರಡನೇ ಸಲ ಹಿಡಿದವುಗಳಲ್ಲಿ ಗುರುತಿನವು ಎಷ್ಟು ಪಾಲೋ, ಇಡೀ ತೋಟದಲ್ಲೂ ಗುರುತಿನವು ಅಷ್ಟೇ ಪಾಲು ಎಂದು ಹಿಡಿದರೆ ಒಟ್ಟು ಸಂಖ್ಯೆ ಸಿಗುತ್ತದೆ. "ಕೈಗೆ ಸಿಕ್ಕ ಪೀಡೆಯನ್ನು ಮತ್ತೆ ತೋಟಕ್ಕೇ ಬಿಡ್ತೀರಾ?" ಎಂದು ಕೇಳದವರೇ ಇರಲಿಲ್ಲ. ಕೊನೆಗೆ ಲೆಕ್ಕ ಕೂಡಿಬಂತು, ಹೇಗೆ ಕೂಡಿಬಂತು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಜಾಗ ಸುಮಾರು ಒಂದು ಎಕರೆ ರೊಬಸ್ಟಾ, ಮಧ್ಯೆ ಅಡಿಕೆ. ನೀರಿನ ಬಾಟಲಿಯ ಮುಚ್ಚಳಕ್ಕಿಂತ ದೊಡ್ಡ ಚಿಪ್ಪಿನವನ್ನು ಮಾತ್ರ ಹಿಡಿದೆವು. ಮರಿಗಳು ತರಗೆಲೆಯಡಿ ಕಾಣುವುದೇ ಇಲ್ಲ, ಅವನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಬರುವ ಉತ್ತರ ದೊಡ್ಡ ಹುಳುಗಳದ್ದು ಮಾತ್ರ.

ಗುರುತಿಗೆ ಉಗುರುಬಣ್ಣವೇ ಸಾಕು, ಬಾಟಲಿಗೆ ಮೂವತ್ತು ನಲವತ್ತು ರೂಪಾಯಿ. ಎಣ್ಣೆ ಪೇಂಟ್ ಮಳೆಗಾಲದಲ್ಲಿ ಬೇಗ ಒಣಗುವುದೇ ಇಲ್ಲ. ಚಿಪ್ಪನ್ನು ಬಟ್ಟೆಯಲ್ಲಿ ಒರೆಸಿ, ಬಣ್ಣ ಹಚ್ಚಿ, ಹತ್ತು ನಿಮಿಷ ಒಣ ತಟ್ಟೆಯಲ್ಲಿಡಬೇಕು. ಇದನ್ನು ಪಕ್ಕದಲ್ಲೇ ಪರೀಕ್ಷಿಸಿ ನೋಡಿದೆವು: ಜಾಲರಿ ಮುಚ್ಚಿದ ತೊಟ್ಟಿಗೆ ಮೂವತ್ತರಷ್ಟು ಹುಳು, ಒದ್ದೆ ತರಗು ಹಾಕಿ ಒಂದು ವಾರ ಬಿಟ್ಟಾಗ, ಒದ್ದೆ ಚಿಪ್ಪಿಗೆ ಹಚ್ಚಿದ್ದರಲ್ಲಿ ಮೂರ್ನಾಲ್ಕು ಉದುರಿದ್ದವು, ಒರೆಸಿ ಹಚ್ಚಿದ್ದು ಒಂದೂ ಉದುರಿರಲಿಲ್ಲ. ಗುರುತು ಉದುರಿದ ಹುಳು ಎರಡನೇ ಸಲ ಹೊಸದೆಂದು ಲೆಕ್ಕಕ್ಕೆ ಬಂದರೆ ಒಟ್ಟು ಸಂಖ್ಯೆ ಉಬ್ಬುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಗುರುತು ಎದ್ದು ಕಾಣುವುದು. ಚಿಪ್ಪಿನ ಬೆನ್ನಿಗೆ ಹಚ್ಚಿದರೆ ಟಾರ್ಚ್ ಬೆಳಕಿಗೆ ಹೊಳೆದು ಗುರುತಿನ ಹುಳುವೇ ಮೊದಲು ಕೈಗೆ ಬರುತ್ತದೆ. ಮತ್ತೆ ಸಿಕ್ಕವು ಹೆಚ್ಚಾಗಿ, ಒಟ್ಟು ಸಂಖ್ಯೆ ನಿಜಕ್ಕಿಂತ ಕಡಿಮೆ ತೋರುತ್ತದೆ. ಹಗಲಲ್ಲಿ ಕೆಂಬೂತವೂ ಅದನ್ನೇ ಮೊದಲು ಕಂಡು ತಿಂದರೆ ತಪ್ಪು ಎದುರು ದಿಕ್ಕಿಗೆ ತಿರುಗುತ್ತದೆ. ಆದ್ದರಿಂದ ಬಾಯಿಯ ಅಂಚಿಗೆ ಹತ್ತಿರ, ನಡೆಯುವಾಗ ನೆಲದ ಕಡೆ ಇರುವ ಭಾಗಕ್ಕೆ, ಹುರುಳಿಕಾಳಿನಷ್ಟು ಚುಕ್ಕೆ ಮಾತ್ರ. ಕೈಗೆತ್ತಿ ತಿರುಗಿಸಿದರೆ ಮಾತ್ರ ಕಾಣಬೇಕು.

ಬಿಡುವಾಗ ಎಲ್ಲವನ್ನೂ ಒಂದೇ ಕಡೆ ಸುರಿಯಬಾರದು. ಈ ಹುಳು ರಾತ್ರಿ ಮೇದು ತನ್ನ ಅಡಗುತಾಣಕ್ಕೇ ಮರಳುವ ಜಾತಿ, ತಾನಾಗಿ ತೋಟವಿಡೀ ಬೆರೆಯುವುದಿಲ್ಲ. ಹಿಡಿದ ಸಾಲಿನಲ್ಲೇ ಬಿಟ್ಟು, ಎರಡನೇ ಸಲ ಪ್ರತಿ ಸಾಲಿಗೂ ಅಷ್ಟೇ ಹೊತ್ತು ಕೊಟ್ಟು ಹುಡುಕಿದರೆ ಆ ಕೊರತೆ ನೀಗುತ್ತದೆ. ಆಳುಗಳಿಗೆ ಹುಳುವಿನ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಇದು ಹಾಳು: ಹೆಚ್ಚಿರುವ ಮೂಲೆಗೇ ಎಲ್ಲರೂ ನುಗ್ಗುತ್ತಾರೆ, ಬೇಲಿಯಾಚೆಯದ್ದೂ ಬಕೆಟ್ಟಿಗೆ ಬೀಳುತ್ತದೆ. ರಾತ್ರಿಗಿಷ್ಟು ಎಂದು ಕೂಲಿ ಗೊತ್ತುಮಾಡಿ. ಕೈಗವಸು ಕಡ್ಡಾಯ, ಈ ಹುಳು ಇಲಿಯ ಶ್ವಾಸಕೋಶದ ಜಂತನ್ನು ಹೊರುತ್ತದೆ.

ಎರಡೂ ಸಲ ತೌಡು ಬೆಲ್ಲದ ಆಮಿಷಕ್ಕೆ ಬಂದವನ್ನೇ ಹಿಡಿದರೆ, ರುಚಿ ಕಂಡವು ಮತ್ತೆ ಬಂದು ಒಟ್ಟು ಸಂಖ್ಯೆಯನ್ನು ತಗ್ಗಿಸುತ್ತವೆ. ನಾವು ಮೊದಲ ಸಲ ಬರಿಗಣ್ಣಿನ ಹುಡುಕಾಟ, ಎರಡನೇ ಸಲ ಆಮಿಷ ಇಟ್ಟೆವು. ಬೆಲ್ಲದ ಜೊತೆ ಇನ್ನೊಂದು ಪದಾರ್ಥ ಬೆರೆಸಿದ್ದೇವೆ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಎರಡು ಹಿಡಿತಗಳ ನಡುವೆ ಮೂರು ರಾತ್ರಿ ಬಿಟ್ಟೆವು. ಮರುದಿನವೇ ಹೋದರೆ ಮುಟ್ಟಿಸಿಕೊಂಡವು ಇನ್ನೂ ಒಳಗೆಳೆದುಕೊಂಡು ಕೂತಿರುತ್ತವೆ. ಎರಡು ವಾರ ಬಿಟ್ಟರೆ ಸಾವು, ವಲಸೆ ಸೇರಿಕೊಳ್ಳುತ್ತವೆ.

ವಲಸೆಯನ್ನು ಪತ್ತೆ ಮಾಡಲು ಎರಡು ಬಣ್ಣ ಹಚ್ಚಿದೆವು. ಬೇಲಿಯಿಂದ ಐದು ಮೀಟರ್ ಒಳಗಿನ ಅಂಚುಪಟ್ಟಿಗೆ ನೀಲಿ, ನಡುವಿನ 28 ಗುಂಟೆಗೆ ಕೆಂಪು. ಅಂಚಿನಲ್ಲಿ ಹಚ್ಚಿದ 150ರಲ್ಲಿ ಮತ್ತೆ ಸಿಕ್ಕಿದ್ದು 11, ನಡುವಿನ 250ರಲ್ಲಿ 34. ಅಂದರೆ ನೂರಕ್ಕೆ ಏಳು ಒಂದು ಕಡೆ, ಸುಮಾರು ಹದಿನಾಲ್ಕು ಇನ್ನೊಂದು ಕಡೆ. ಎರಡೂ ಕಡೆ ಒಂದೇ ಹುಡುಕಾಟವಾದ್ದರಿಂದ, ಅಂಚಿನ ನೀಲಿಗಳು ಪಕ್ಕದ ತೋಟಕ್ಕೆ ದಾಟಿ ಅಲ್ಲಿಯವು ಇತ್ತ ಬಂದಿವೆ ಎಂದೇ ಹಿಡಿಯಬೇಕು. ಹಾಗಾಗಿ ಅಂಚನ್ನು ಕೈಬಿಟ್ಟು ನಡುವಿನ ಲೆಕ್ಕವನ್ನಷ್ಟೇ ಇಟ್ಟುಕೊಂಡೆವು. ನಮ್ಮ ಕಡೆ ಯಾರೂ ಇದನ್ನು ಮಾಡಿದ್ದು ನಾನು ಕಂಡಿಲ್ಲ. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದೇ ಇದು.

ನಡುವಿನಲ್ಲಿ ಗುರುತು ಹಾಕಿದ್ದು M = 250. ಎರಡನೇ ಸಲ ಅಲ್ಲೇ ಹಿಡಿದದ್ದು C = 215. ಅದರಲ್ಲಿ ಕೆಂಪು ಚುಕ್ಕೆಯವು R = 34. ಸಾದಾ ಲೆಕ್ಕದಲ್ಲಿ M × C ÷ R, 1,581 ಬರುತ್ತದೆ. R ಚಿಕ್ಕದಿದ್ದಾಗ ಇದು ಸ್ವಲ್ಪ ಹೆಚ್ಚೇ ತೋರಿಸುವುದರಿಂದ ಚಾಪ್‌ಮನ್ ತಿದ್ದುಪಡಿ ಬಳಸುತ್ತೇವೆ. N ಒಟ್ಟು ಹುಳುಗಳ ಅಂದಾಜು, V ಆ ಅಂದಾಜಿನ ಏರುಪೇರಿನ ಅಳತೆ, √Vಯ 1.96 ಪಟ್ಟು ನೂರಕ್ಕೆ 95ರ ಭರವಸೆಯ ಹರವು:

```
N = (M+1)(C+1)/(R+1) - 1
  = 251 × 216 / 35 - 1 = 1548

V = (M+1)(C+1)(M-R)(C-R) / ((R+1)²(R+2))
  = 251×216×216×181 / (35²×36) ≈ 48064
√V ≈ 219,   1.96 × 219 ≈ 430
```

ಅಂದರೆ ಅಂದಾಜು 1,548, ಅದಕ್ಕಿಂತ 430 ಹೆಚ್ಚೂ ಇರಬಹುದು, 430 ಕಡಿಮೆಯೂ ಇರಬಹುದು. ಗುಂಟೆಗೆ ಸುಮಾರು 55. R ಹತ್ತಕ್ಕಿಂತ ಕೆಳಗೆ ಬಂದರೆ ಆ ಉತ್ತರವನ್ನು ನಂಬದೆ ಇನ್ನಷ್ಟು ಹುಳುಗಳಿಗೆ ಗುರುತು ಹಾಕುವುದೇ ಸರಿ. ಭದ್ರಾ, ನಾಗರಹೊಳೆ ಕಾಡುಗಳಲ್ಲಿ ಕ್ಯಾಮೆರಾ ಇಟ್ಟು ಹುಲಿ ಎಣಿಸುವುದೂ ಇದೇ ತತ್ತ್ವದ ಮೇಲೆ, ಅಲ್ಲಿ ಪಟ್ಟೆಯೇ ಗುರುತು. ಹುಲಿಯ ಎಡ ಬಲ ಮಗ್ಗುಲಿನ ಪಟ್ಟೆ ಬೇರೆಬೇರೆಯಾದ್ದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾ ಬೇಕು.

ನಂಬದವರ ಬಾಯಿ ಮುಚ್ಚಿಸಿದ್ದು ಮುಂದಿನ ಹಂತ. ಅದೇ 28 ಗುಂಟೆಯಿಂದ ಎರಡು ವಾರದಲ್ಲಿ ಸುಮಾರು 900 ದೊಡ್ಡ ಹುಳು ಆರಿಸಿ, ಉಪ್ಪುನೀರಿನ ಡ್ರಮ್ಮಿಗೆ ಹಾಕಿದೆವು (ಆ ನೀರು ಗಿಡದ ಬುಡಕ್ಕೆ ಬೀಳಬಾರದು). ಲೆಕ್ಕ ಸರಿಯಿದ್ದರೆ 650ರ ಆಸುಪಾಸು ಉಳಿದಿರಬೇಕು. ಆಮೇಲೆ ಬೇರೆ ಬಣ್ಣದಲ್ಲಿ, ಹಳದಿಯಲ್ಲಿ, 120ಕ್ಕೆ ಗುರುತು ಹಾಕಿ, ಮತ್ತೆ 110 ಹಿಡಿದು, ಅದರಲ್ಲಿ 19 ಹಳದಿ ಕಂಡೆವು. 121 × 111 ÷ 20 − 1, ಹತ್ತಿರ ಹತ್ತಿರ 670. ಹರವು 430ರಿಂದ 910ರವರೆಗೆ ಅಗಲವಾಗಿದೆ, ನಿಜ. ಆದರೂ ಎರಡು ಬೇರೆ ಬೇರೆ ಅಂದಾಜುಗಳ ವ್ಯತ್ಯಾಸ 878, ಕೈಯಿಂದ ಎಣಿಸಿ ತೆಗೆದದ್ದು 900.

ಖರ್ಚು ಒಂದು ಅಂದಾಜಿಗೆ ನಾಲ್ಕು ಸಾವಿರದ ಸುತ್ತ: ನಾಲ್ಕು ಜನ, ಎರಡು ರಾತ್ರಿ, ಬಣ್ಣ, ಬ್ಯಾಟರಿ. ಮಳೆಗೆ ಕರಗಿಹೋಗುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಇಡೀ ತೋಟಕ್ಕೆ ಎರಚುವುದಕ್ಕಿಂತ ಇದೇ ಅಗ್ಗವಾಯಿತು, ಏಕೆಂದರೆ ಗುಂಟೆಗೆ 24ಕ್ಕೆ ಇಳಿದ ಮೇಲೆ ಕೈಯಲ್ಲಿ ಆರಿಸುವ ಕೂಲಿ ಗಿಟ್ಟುವುದಿಲ್ಲ ಎಂಬುದು ಅಂಕಿಯಿಂದಲೇ ಗೊತ್ತಾಗಿ, ಆ ಆಳುಗಳನ್ನು ಬೇಲಿಯಂಚಿನ ಮೊಟ್ಟೆ ಕೀಳಲು ಹಾಕಿದೆವು. ಮಾಡುವುದಿದ್ದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಮಾಡಿ. ಬೇಸಿಗೆ ಹಿಡಿದ ಮೇಲೆ ಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಣ್ಣಿನಲ್ಲಿ ಮಲಗುತ್ತದೆ, ಆಗ ಎರಡನೇ ಹಿಡಿತಕ್ಕೆ ಸಿಗುವುದೇ ಇಲ್ಲ.