ಆನ್‌ಲೈನ್ ಸರ್ವೆಯಿಂದ ಗಂಟೆಗೆ ನಿಜವಾಗಿ ಎಷ್ಟು ಸಿಗುತ್ತದೆ: ನನ್ನ ಅನುಭವ

ಸರ್ವೆ ಆ್ಯಪ್ ತೆರೆದರೆ '12 ನಿಮಿಷ, 0.70 ಡಾಲರ್' ಅಂತ ಕಾಣುತ್ತದೆ. ಡಾಲರ್‌ಗೆ 85 ರೂಪಾಯಿ ಅಂತ ಇಟ್ಟುಕೊಂಡರೆ ಸುಮಾರು 60 ರೂಪಾಯಿ ಆಯಿತು. ಗಂಟೆಗೆ ಇಂಥವು ಐದು ಮುಗಿಸಿದರೆ 300 ರೂಪಾಯಿ ಅಂತ ಯಾರಾದರೂ ಲೆಕ್ಕ ಹಾಕುತ್ತಾರೆ, ಅಲ್ವಾ? ನಾನು ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲೇ ಕೂತು ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆ 300 ನನ್ನ ಕೈಗೆ ಒಂದು ಗಂಟೆಯೂ ಬಂದಿಲ್ಲ. ಯಾಕೆ ಬರುವುದಿಲ್ಲ, ಎಷ್ಟು ಬರುತ್ತದೆ ಅನ್ನೋದನ್ನು ಬಿಡಿಸಿ ಹೇಳುತ್ತೇನೆ.

ನನ್ನ ಪದ್ಧತಿ ಸರಳ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡುತ್ತೇನೆ. ಆ್ಯಪ್ ತೆರೆದ ಹೊತ್ತು, ಮುಚ್ಚಿದ ಹೊತ್ತು, ನಡುವೆ ತೆರೆದ ಪ್ರತಿ ಸರ್ವೆಗೆ ಹಿಡಿದ ನಿಮಿಷ, ಬಂದ ದುಡ್ಡು, ಅಷ್ಟೇ. ಮುಗಿಸಿದ ಸರ್ವೆ ಮಾತ್ರ ಬರೆದರೆ ಲೆಕ್ಕ ಸುಳ್ಳಾಗುತ್ತದೆ. ಹೊರಗೆ ಹಾಕಿದ ಸರ್ವೆ, ಪೇಜ್ ತಿರುಗುತ್ತಾ ನಿಂತ ಹೊತ್ತು, ಹೊಸದು ಬಂತಾ ಅಂತ ನೋಡುವ ಹೊತ್ತು, ಎಲ್ಲವೂ ನಮ್ಮ ಸಮಯವೇ.

ಒಂದು ಸಂಜೆಯ ಪುಟ ತೆಗೆಯೋಣ. ಏಳರಿಂದ ಒಂಬತ್ತು, ಎರಡು ಗಂಟೆ. ಮೊದಲ ಸರ್ವೆ ನಾಲ್ಕನೇ ನಿಮಿಷಕ್ಕೆ 'ನೀವು ಅರ್ಹರಲ್ಲ' ಅಂದಿತು. ಅಲ್ಲಿಂದ ಅದೇ ಇನ್ನೊಂದಕ್ಕೆ ಕಳಿಸಿತು. ಮತ್ತೆ ವಯಸ್ಸು, ಪಿನ್‌ಕೋಡ್, ಮನೆಯಲ್ಲಿ ಎಷ್ಟು ಜನ ಅಂತ ತುಂಬಿಸಿಕೊಂಡು ಆರನೇ ನಿಮಿಷಕ್ಕೆ ಹೊರಗೆ. ಮೂರನೆಯದು ಎರಡೇ ನಿಮಿಷದಲ್ಲಿ ಕೋಟಾ ಭರ್ತಿ ಅಂತ ಮುಚ್ಚಿತು. ನಾಲ್ಕನೆಯದು ಶಾಂಪೂ ಬಗ್ಗೆ. ಅದು ಪೂರ್ತಿ ಆಯಿತು. 12 ನಿಮಿಷ ಅಂದಿದ್ದು ಹಿಡಿದದ್ದು 18, ಬಂದದ್ದು 0.70. ಆಮೇಲೆ ಒಂದು ಒಂಬತ್ತು ನಿಮಿಷ ಕೇಳಿ ಕೈಬಿಟ್ಟಿತು. ಬ್ಯಾಂಕ್ ಆ್ಯಪ್ ಬಗ್ಗೆ ಒಂದು 22 ನಿಮಿಷಕ್ಕೆ ಮುಗಿಯಿತು, 0.90. ಅದರಲ್ಲಿ ಬರೆದಿದ್ದದ್ದು 15 ನಿಮಿಷ. ಇನ್ನೆರಡು ಐದು ಮತ್ತು ಏಳು ನಿಮಿಷಕ್ಕೆ ಹೊರಗೆ. ಕೊನೆಯದು 16 ನಿಮಿಷ, 0.50. ಅದಕ್ಕೆ 10 ನಿಮಿಷ ಅಂತ ಇತ್ತು. ಉಳಿದ ಅರ್ಧ ಗಂಟೆ ಹುಡುಕಾಟ, ಓಟಿಪಿ, ಲೋಡ್ ಆಗದ ಪೇಜ್.

ಒಟ್ಟು ಬಂದದ್ದು 2.10 ಡಾಲರ್, ಅಂದರೆ 178 ರೂಪಾಯಿ. ಆ್ಯಪ್ ಬರೆದ ನಿಮಿಷ ನಂಬಿದರೆ ಇದು ಗಂಟೆಗೆ 290 ರೂಪಾಯಿ. ಮುಗಿಸಿದ ಮೂರು ಸರ್ವೆಗೆ ನಿಜವಾಗಿ ಹಿಡಿದ ಹೊತ್ತು ಮಾತ್ರ ಹಿಡಿದರೆ 190. ಕೂತ ಎರಡು ಗಂಟೆಯನ್ನೂ ಲೆಕ್ಕಕ್ಕೆ ತಂದರೆ 89. ಡಾಲರ್ ಪೇಪಾಲ್‌ನಿಂದ ರೂಪಾಯಿ ಆಗಿ ಬ್ಯಾಂಕಿಗೆ ಬರುವಾಗ ಮಾರುಕಟ್ಟೆ ದರಕ್ಕಿಂತ ಶೇಕಡಾ 3-4 ಕಡಿಮೆ ಸಿಗುತ್ತದೆ. ಅದನ್ನು ಕಳೆದರೆ 86. ಮೂರು ವಾರ ಬಿಟ್ಟು ಆ ಶಾಂಪೂ ಸರ್ವೆಯ 0.70 ಅನ್ನು ಆ್ಯಪ್ ವಾಪಸ್ ತೆಗೆದುಕೊಂಡಿತು. ಸರ್ವೆ ಮಾಡಿಸಿದ ಕಂಪನಿ ಕೊನೆಗೆ ಉತ್ತರಗಳನ್ನು ಜರಡಿ ಹಿಡಿದಾಗ ಕೆಲವನ್ನು ತಳ್ಳಿಹಾಕುತ್ತದೆ, ಅದಕ್ಕೆ ಕೊಟ್ಟ ದುಡ್ಡು ನಮ್ಮ ಖಾತೆಯಿಂದ ಹೋಗುತ್ತದೆ. ಕಾರಣ ಹೇಳುವುದಿಲ್ಲ. ಈಗ ಉಳಿದದ್ದು ಗಂಟೆಗೆ 57 ರೂಪಾಯಿ.

ಇದು ಕೆಟ್ಟ ಸಂಜೆ ಅಲ್ಲ. ತಿಂಗಳಿಡೀ ಕೂಡಿಸಿ ಭಾಗಿಸಿದರೆ ನನಗೆ ಸರ್ವೆಯಲ್ಲಿ ಗಂಟೆಗೆ 40ರಿಂದ 70 ಬೀಳುತ್ತದೆ. ನಾನು ಸೀರೆಗೆ ಕುಚ್ಚು ಕಟ್ಟುವ ಕೆಲಸವನ್ನೂ ಮಾಡುತ್ತೇನೆ. ಸಾದಾ ಕುಚ್ಚಿಗೆ ಗಂಟೆಗೆ ನೂರರ ಹತ್ತಿರ ಆಗುತ್ತದೆ. ಹಾಗಾಗಿ ನನಗೆ ನೂರೇ ಗೆರೆ. ಕುಚ್ಚಿನ ಆರ್ಡರ್ ಇದ್ದ ದಿನ ಸರ್ವೆ ಮುಟ್ಟುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲದೆ ಸೀರೆ ಬರುವುದು ನಿಂತಾಗ ಸರ್ವೆಗೆ ಕೂರುತ್ತೇನೆ.

ಇಷ್ಟು ಸಲ ಹೊರಗೆ ಹಾಕುವುದು ಯಾಕೆ ಅಂತ ಗೊತ್ತಾದ ಮೇಲೆ ನನ್ನ ಸಮಯ ಸಾಕಷ್ಟು ಉಳಿಯಿತು. ಸರ್ವೆ ಮಾಡಿಸುವವರಿಗೆ ಬೇಕಾದದ್ದು ಒಂದು ಗುಂಪಿನ ಜನ ಮಾತ್ರ. ಐದು ಜನರಲ್ಲಿ ಒಬ್ಬರು ಬೇಕು ಅಂದರೆ ಉಳಿದ ನಾಲ್ವರು ಪುಕ್ಕಟೆ ಉತ್ತರ ಕೊಟ್ಟು ಹೋಗುತ್ತಾರೆ. ಆ ಜರಡಿ ಭಾರತದ ಸರ್ವೆಗಳಲ್ಲಿ ಹೆಚ್ಚುಕಮ್ಮಿ ಒಂದೇ ತರಹ ಇರುತ್ತದೆ. ವಯಸ್ಸು, ಊರು ಕೇಳುತ್ತಾರೆ. ಮನೆಯಲ್ಲಿ ಯಾರಾದರೂ ಜಾಹೀರಾತು, ಮಾಧ್ಯಮ, ಮಾರುಕಟ್ಟೆ ಸಂಶೋಧನೆಯಲ್ಲಿ ಕೆಲಸ ಮಾಡುತ್ತಾರಾ ಅಂತ ಕೇಳುತ್ತಾರೆ. ಹೌದು ಅಂದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. ಆಮೇಲೆ ಮನೆಯಲ್ಲಿ ಹೆಚ್ಚು ದುಡಿಯುವವರ ಓದು ಎಷ್ಟು ಅಂತ ಕೇಳಿ ಒಂದು ಪಟ್ಟಿ ಕೊಡುತ್ತಾರೆ: ಕರೆಂಟು, ಫ್ಯಾನು, ಗ್ಯಾಸ್ ಒಲೆ, ಬೈಕು, ಟಿವಿ, ಫ್ರಿಜ್, ವಾಷಿಂಗ್ ಮಷಿನ್, ಕಂಪ್ಯೂಟರ್, ಕಾರು, ಏಸಿ, ಹೊಲ. ಈ 11 ವಸ್ತುಗಳಲ್ಲಿ ಎಷ್ಟಿವೆ ಅನ್ನೋದನ್ನೂ ಆ ಓದನ್ನೂ ಸೇರಿಸಿ ಮನೆಗೆ ಒಂದು ದರ್ಜೆ ಕೊಡುತ್ತಾರೆ. ಇದಕ್ಕೆ ಎನ್‌ಸಿಸಿಎಸ್ ಅಂತ ಹೆಸರು. ಕಾರು, ಏಸಿ ಇರುವ ಮನೆಗಳೇ ಬೇಕಾದ ಸರ್ವೆಯಲ್ಲಿ ನನ್ನಂಥ ಮನೆ ಈ ಪಟ್ಟಿ ದಾಟುವುದಿಲ್ಲ.

ಊರಿನ ಪ್ರಶ್ನೆಯೂ ಹಾಗೇ. ಪಟ್ಟಿಯಲ್ಲಿ ಬೆಂಗಳೂರು, ಮುಂಬೈ, ಚೆನ್ನೈ ಇದ್ದು ದಾವಣಗೆರೆ ಇಲ್ಲದೆ, ನಾವು 'ಇತರೆ' ಒತ್ತಬೇಕು ಅಂದರೆ ಅದು ಬಹಳ ಸಲ ದೊಡ್ಡ ಊರಿನವರಿಗೆ ಮಾಡಿದ ಸರ್ವೆ. ಬೆಂಗಳೂರು ಅಂತ ಒತ್ತಬೇಡಿ. ಮುಂದೆ ದಾವಣಗೆರೆಯ ಪಿನ್‌ಕೋಡ್ ಬರೆದಾಗ, ಅಥವಾ ಪ್ರೊಫೈಲ್‌ಗೆ ತಾಳೆ ನೋಡಿದಾಗ ಸಿಕ್ಕಿಬೀಳುತ್ತದೆ. ಕೂಡಿಟ್ಟ ದುಡ್ಡಿನ ಸಮೇತ ಖಾತೆ ಬಂದ್ ಆಗಬಹುದು.

ಸರಿಯಾದ ಸರ್ವೆ ಈ ಜರಡಿಯನ್ನು ಮೊದಲ ಮೂರು ನಿಮಿಷದಲ್ಲಿ ಮುಗಿಸುತ್ತದೆ. ಅದು ನ್ಯಾಯ. ಒಂಬತ್ತು ನಿಮಿಷ, ಹತ್ತು ನಿಮಿಷ ಬ್ರಾಂಡ್‌ಗಳ ಬಗ್ಗೆ ಎಲ್ಲಾ ಕೇಳಿಕೊಂಡು ಆಮೇಲೆ ಅರ್ಹರಲ್ಲ ಅನ್ನುವುದು ನ್ಯಾಯ ಅಲ್ಲ. ಉತ್ತರ ಅವರಿಗೆ ಸಿಕ್ಕಿತು, ದುಡ್ಡು ನಮಗಿಲ್ಲ. ಒಂದು ಆ್ಯಪ್‌ನಲ್ಲಿ ಇದು ವಾರದಲ್ಲಿ ಮೂರ್ನಾಲ್ಕು ಸಲ ಆದರೆ ನಾನು ಅದನ್ನು ತೆಗೆದುಹಾಕುತ್ತೇನೆ. ಪ್ರತಿ ಸರ್ವೆಗೂ ಪ್ರೊಫೈಲ್ ಮೊದಲಿನಿಂದ ತುಂಬಿಸುವ ಆ್ಯಪ್‌ಗೂ ಅದೇ ಗತಿ. ಒಂದು ಸಲ ಕೊಟ್ಟ ವಿವರ ಇಟ್ಟುಕೊಂಡು ಹೊಂದುವ ಸರ್ವೆ ಮಾತ್ರ ತೋರಿಸುವುದು ಅವರ ಕೆಲಸ.

ಇನ್ನೊಂದು ನೋಡಬೇಕಾದದ್ದು, ದುಡ್ಡು ತೆಗೆಯಲು ಕನಿಷ್ಠ ಎಷ್ಟು ಆಗಬೇಕು ಅನ್ನೋದು. ಸೇರುವ ಮೊದಲೇ ಹುಡುಕಿ ನೋಡಿ. 30 ಡಾಲರ್ ಆಗುವವರೆಗೆ ಕೊಡುವುದಿಲ್ಲ ಅಂದರೆ, ನನ್ನ ವೇಗದಲ್ಲಿ ಅದು ಸುಮಾರು 45 ಗಂಟೆ ಕೆಲಸ. ಅಷ್ಟು ದುಡಿಮೆಯನ್ನು ಗೊತ್ತಿಲ್ಲದವರ ಹತ್ತಿರ ಸುಮ್ನೆ ಇಡಬಾರದು. 5 ಡಾಲರ್‌ಗೆ ಬಿಡುವ ಕಡೆ ಮಾತ್ರ ಶುರುಮಾಡಿ, ಆದ ತಕ್ಷಣ ತೆಗೆದುಬಿಡಿ. ಗೂಗಲ್ ಒಪಿನಿಯನ್ ರಿವಾರ್ಡ್ಸ್‌ನಲ್ಲಿ ಪ್ರಶ್ನೆ ಚಿಕ್ಕವು, ಕಿರಿಕಿರಿ ಕಡಿಮೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ನಮಗೆ ಬರುವುದು ಪ್ಲೇ ಸ್ಟೋರ್ ಬ್ಯಾಲೆನ್ಸ್, ಕೈಗೆ ದುಡ್ಡು ಅಲ್ಲ.

ಮೈಕ್ರೊಟಾಸ್ಕ್ ಅಂದರೆ ಫೋಟೊಗೆ ಗುರುತು ಹಾಕುವುದು, ಬಿಲ್ ನೋಡಿ ಟೈಪ್ ಮಾಡುವುದು, ಧ್ವನಿ ರೆಕಾರ್ಡ್ ಮಾಡುವುದು. ಇಲ್ಲಿ ಅರ್ಧದಲ್ಲಿ ಹೊರಗೆ ಹಾಕುವ ಕಾಟ ಕಡಿಮೆ. ಲೆಕ್ಕ ತಪ್ಪುವುದು ಬೇರೆ ಕಡೆ. ಕನ್ನಡ ಆಡಿಯೊ ಕೇಳಿ ಬರೆಯುವ ಕೆಲಸ ಒಂದಿತ್ತು, ನಿಮಿಷಕ್ಕೆ 15 ರೂಪಾಯಿ. ಗಂಟೆಗೆ 900 ಅನ್ನಿಸುತ್ತದೆ. ಆದರೆ ಆ ನಿಮಿಷ ಆಡಿಯೊದ್ದು. ಒಂದು ನಿಮಿಷದ ಮಾತನ್ನು ಹಿಂದೆಮುಂದೆ ಕೇಳಿ, ಬರೆದು, ತಿದ್ದಲು ನನಗೆ ಏಳು ನಿಮಿಷ ಬೇಕು. ಹಾಗಾಗಿ ಗಂಟೆಗೆ 128. ಇದು ನನ್ನ ನೂರರ ಗೆರೆ ದಾಟಿತು, ಅದಕ್ಕೇ ಮಾಡಿದೆ. ಯಾವ ಟಾಸ್ಕ್ ಆದರೂ ಮೊದಲು ಹತ್ತು ಮಾಡಿ, ಹೊತ್ತು ನೋಡಿ, ಗಂಟೆಗೆ ಗುಣಿಸಿ ಆಮೇಲೆ ಮುಂದುವರಿಯುತ್ತೇನೆ. ಕ್ಯಾಪ್ಚಾ ಟೈಪಿಂಗ್ ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ. ಸಾವಿರಕ್ಕೆ ಒಂದು ಡಾಲರ್ ಕೊಟ್ಟರೂ, ಒಂದಕ್ಕೆ ಹತ್ತು ಸೆಕೆಂಡ್ ಹಿಡಿದರೆ ಸಾವಿರ ಮುಗಿಯಲು ಸುಮಾರು ಎರಡೂಮುಕ್ಕಾಲು ಗಂಟೆ. ಗಂಟೆಗೆ 30 ರೂಪಾಯಿ.

ಇದು ನನ್ನೊಬ್ಬರ ಕಥೆ ಅಲ್ಲ. ಅಮೆಜಾನ್ ಮೆಕ್ಯಾನಿಕಲ್ ಟರ್ಕ್ ಅನ್ನುವ ಮೈಕ್ರೊಟಾಸ್ಕ್ ಸೈಟಿನ 2,676 ಕೆಲಸಗಾರರ 38 ಲಕ್ಷ ಟಾಸ್ಕ್‌ಗಳನ್ನು ನೋಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಹುಡುಕಾಟ, ತಿರಸ್ಕಾರ, ಅರ್ಧಕ್ಕೆ ಬಿಟ್ಟ ಕೆಲಸ ಎಲ್ಲಾ ಸೇರಿಸಿದಾಗ ಮಧ್ಯದ ಕೆಲಸಗಾರನಿಗೆ ಗಂಟೆಗೆ ಸಿಕ್ಕದ್ದು ಸುಮಾರು 2 ಡಾಲರ್. ಒಳ್ಳೆಯ ದರವೂ ಇದೆ. ಬೆಂಗಳೂರಿನ 'ಕಾರ್ಯ' ಅನ್ನುವ ಸಂಸ್ಥೆ ಕನ್ನಡ ಓದಿ ರೆಕಾರ್ಡ್ ಮಾಡುವವರಿಗೆ ಗಂಟೆಗೆ 5 ಡಾಲರ್ ಹತ್ತಿರ ಕೊಟ್ಟಿದೆ. ಆದರೆ ಅದು ಬಡ ಕುಟುಂಬಗಳಿಗೆ ಅಂತ, ಊರಿನ ಸಂಸ್ಥೆಗಳ ಮೂಲಕ ಕೊಡುವ ಕೆಲಸ. ಒಬ್ಬರು ಗಳಿಸುವ ಮೊತ್ತಕ್ಕೆ ಮಿತಿಯೂ ಇದೆ.

ಸಮಯ ಹಾಳಾಗುವುದು ಬೇರೆ, ದುಡ್ಡೇ ಹೋಗುವುದು ಬೇರೆ. ನಮ್ಮ ಬೀದಿಯ ಬಿ.ಕಾಂ ಹುಡುಗಿಯೊಬ್ಬಳು ಒಂದು ದಿನ ಓಡಿ ಬಂದಳು. "ಅಕ್ಕಾ, ಮೂರು ವಿಡಿಯೊಗೆ ಲೈಕ್ ಒತ್ತಿದ್ದಕ್ಕೆ 150 ರೂಪಾಯಿ ಬಂದೈತಿ ನೋಡ್ರಿ" ಅಂತ ಫೋನ್ ತೋರಿಸಿದಳು. ದುಡ್ಡು ನಿಜವಾಗಿ ಬಂದಿತ್ತು. ಟೆಲಿಗ್ರಾಮ್ ಗುಂಪಿಗೆ ಸೇರಿಸಿ, ಈಗ ಸಾವಿರ ಹಾಕಿದರೆ 1,300 ಕೊಡುತ್ತೇವೆ ಅಂತ ಕೇಳಿದ್ದರು. ನಾನು ನನ್ನ ನೋಟ್‌ಬುಕ್ ತೋರಿಸಿದೆ. ಒಂದು ಲೈಕ್ ಒತ್ತಲು ಅರ್ಧ ನಿಮಿಷ, ಅದಕ್ಕೆ 50 ಅಂದರೆ ಗಂಟೆಗೆ ಆರು ಸಾವಿರ. ಇಷ್ಟು ಕೊಡುವವರಿಗೆ ನಿನ್ನ ಲೈಕ್ ಬೇಕಾಗಿಲ್ಲ ಕಣೇ, ನಿನ್ನ ನಂಬಿಕೆ ಬೇಕು ಅಂದೆ. ಇವರು ಸಾವಿರಕ್ಕೆ 1,300 ಕೂಡ ಕೊಡುತ್ತಾರೆ. ಐದು, ಇಪ್ಪತ್ತು, ಐವತ್ತು ಸಾವಿರ ಹಾಕಿಸಿಕೊಂಡ ಮೇಲೆ ಖಾತೆ ಫ್ರೀಜ್ ಆಗಿದೆ, ಟ್ಯಾಕ್ಸ್ ಕಟ್ಟಿದರೆ ಬಿಡುತ್ತೇವೆ ಅನ್ನುತ್ತಾರೆ. ಗುಂಪಿನಲ್ಲಿ ಲಾಭ ಬಂತು ಅಂತ ಸ್ಕ್ರೀನ್‌ಶಾಟ್ ಹಾಕುವವರೂ ಅವರದೇ ಜನ. ಅವಳು ದುಡ್ಡು ಹಾಕದೆ ಗುಂಪು ಬಿಟ್ಟಳು.

ಫಾರ್ಮ್ ತುಂಬುವ ಕೆಲಸದ ಮೋಸವೂ ಹೀಗೇ. ಆಧಾರ್, ಸಹಿ ತೆಗೆದುಕೊಂಡು ಕರಾರು ಮಾಡಿಸುತ್ತಾರೆ. ಓದಲಾಗದ ಫೋಟೊ ಕೊಟ್ಟು, ಶೇಕಡಾ 90ರಷ್ಟಾದರೂ ಸರಿ ಇರಬೇಕಿತ್ತು, ದಂಡ ಕಟ್ಟಿ, ಇಲ್ಲದಿದ್ದರೆ ಕೇಸು ಅಂತ ವಕೀಲರ ಹೆಸರಲ್ಲಿ ನೋಟಿಸ್ ಕಳಿಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಆ ನೋಟಿಸ್‌ಗೆ ಹೆದರಿ ದುಡ್ಡು ಕಟ್ಟಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, cybercrime.gov.in ನಲ್ಲಿ ದೂರು ಹಾಕಿ. ಬೇಗ ಹೇಳಿದಷ್ಟೂ ಆ ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ. ಯುಪಿಐ ವ್ಯವಹಾರದ ನಂಬರ್ ಮತ್ತು ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ, ಅವರು ಮೊದಲು ಕೇಳುವುದು ಅದನ್ನೇ.