ಶೀಟಿನ ಮಾಡು, ಕಾವಿ ನೆಲ, ಹೊರಗೆ ಜೀರುಂಡೆ: ಡೈನಾಮಿಕ್ ಮೈಕೋ ಕಂಡೆನ್ಸರೋ?

ತೀರ್ಥಹಳ್ಳಿ ಕಡೆಯ ಮನೆಯೊಂದರ ಹತ್ತು ಅಡಿಗೆ ಹನ್ನೆರಡು ಅಡಿ ಕೋಣೆ ನನ್ನ ರೆಕಾರ್ಡಿಂಗ್ ಜಾಗ. ಮೇಲೆ ಶೀಟು, ಕೆಳಗೆ ಕಾವಿ ನೆಲ, ತೋಟದ ಕಡೆಗೆ ಒಂದು ಕಿಟಕಿ. ಗೋಡೆಗೆ ಫೋಮ್ ಇಲ್ಲ, ಬಾಗಿಲಿಗೆ ರಬ್ಬರ್ ಪಟ್ಟಿಯೂ ಇಲ್ಲ. ಇಲ್ಲಿ ಪಾಠ, ಕಥೆ, ಗಮಕ ವಾಚನ ಎಲ್ಲವನ್ನೂ ರೆಕಾರ್ಡ್ ಮಾಡುತ್ತೇನೆ. ಇಂಥ ಕೋಣೆಗೆ ಯಾವ ಮೈಕು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಕಂಡೆನ್ಸರ್ ಸುತ್ತಲಿನ ಗಲಾಟೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಾಮಿಕ್ ಬರೀ ಮಾತನ್ನು ಹಿಡಿಯುತ್ತದೆ. ಕೊನೆಗೆ ಡೈನಾಮಿಕ್ ತಗೊಳ್ಳಿ ಎನ್ನುವುದು ಸರಿಯೇ. ಅದಕ್ಕೆ ಕೊಡುವ ಕಾರಣ ತಪ್ಪು. ಆ ಕಾರಣವನ್ನು ನಂಬಿಕೊಂಡು ಡೈನಾಮಿಕ್ ಮೈಕನ್ನು ಮೇಜಿನ ಆಚೆ ತುದಿಯಲ್ಲಿಟ್ಟರೆ ಗದ್ದಲ ಅಷ್ಟೇ ಇರುತ್ತದೆ, ಸಾಲದ್ದಕ್ಕೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸಿನ ಸುಯ್ಯೆನ್ನುವ ಸದ್ದೂ ಸೇರಿಕೊಳ್ಳುತ್ತದೆ.

ಮೈಕಿಗೆ ಯಾವುದು ಮಾತು, ಯಾವುದು ಮಳೆ ಎಂದು ಗೊತ್ತಾಗುವುದಿಲ್ಲ. ಪೊರೆಯ ಮೇಲೆ ಬಿದ್ದ ಒತ್ತಡವನ್ನು ಅದು ವಿದ್ಯುತ್ತಾಗಿಸುತ್ತದೆ, ಅಷ್ಟೆ. ಶ್ಯೂರ್ ಎಸ್‌ಎಂ58 ಎಂಬ ಡೈನಾಮಿಕ್ ಒಂದು ಪಾಸ್ಕಲ್ ಒತ್ತಡಕ್ಕೆ 1.85 ಮಿಲಿವೋಲ್ಟ್ ಕೊಟ್ಟರೆ ಆಡಿಯೋ ಟೆಕ್ನಿಕಾ ಎಟಿ2020 ಎಂಬ ಕಂಡೆನ್ಸರ್ 14.1 ಮಿಲಿವೋಲ್ಟ್ ಕೊಡುತ್ತದೆ. ಏಳೂವರೆ ಪಟ್ಟು, ಅಂದರೆ 17-18 ಡಿಬಿ ಹೆಚ್ಚು. ದನಿಯ ಮಟ್ಟ ಏರಿಸುವ ಗೇನ್ ತಿರುಪನ್ನು ಮುಟ್ಟದೆ ಒಂದನ್ನು ಕಿತ್ತು ಇನ್ನೊಂದನ್ನು ಚುಚ್ಚಿದರೆ ಜೀರುಂಡೆ ಸದ್ದು ಇಳಿದಂತೆ ಕೇಳುವುದು ಇದರಿಂದಲೇ. ಮಾತೂ ಅಷ್ಟೇ ಇಳಿದಿರುತ್ತದೆ. ಮಾತನ್ನು ಮೊದಲಿನ ಮಟ್ಟಕ್ಕೆ ಏರಿಸಿದ ಕೂಡಲೇ ಜೀರುಂಡೆಯೂ ವಾಪಸ್ ಬರುತ್ತದೆ. ಎರಡೂ ಮೈಕು ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಆಗಿದ್ದು ಒಂದೇ ದೂರದಲ್ಲಿದ್ದರೆ ಮಾತಿಗೂ ಗದ್ದಲಕ್ಕೂ ಇರುವ ಅಂತರ ಹೆಚ್ಚುಕಡಿಮೆ ಒಂದೇ.

ಇದನ್ನು ನಿಮ್ಮ ಕೋಣೆಯಲ್ಲೇ ಅಳೆಯಬಹುದು. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ `Analyze > Contrast` ಎಂಬ ಉಪಕರಣ ಇದೆ. ಮಾತಿನ ಭಾಗವನ್ನು ಆಯ್ದು `Foreground` ಸಾಲಿನಲ್ಲಿ ಅಳೆಯಬೇಕು, ಸುಮ್ಮನಿದ್ದ ಭಾಗವನ್ನು ಆಯ್ದು `Background` ಸಾಲಿನಲ್ಲಿ ಅಳೆಯಬೇಕು. ಎರಡರ ಅಂತರ ಡಿಬಿಯಲ್ಲಿ ಬರುತ್ತದೆ. ಮಾತಿನ ಭಾಗ ಆಯುವಾಗ ನಡುವೆ ಉಸಿರು ತೆಗೆದುಕೊಂಡ ಜಾಗ, ಪುಟ ತಿರುಗಿಸಿದ ಜಾಗ ಸೇರಬಾರದು, ಸೇರಿದರೆ ಸರಾಸರಿ ಇಳಿದು ಲೆಕ್ಕ ಹಾಳಾಗುತ್ತದೆ. ಒಂದೇ ಪ್ಯಾರಾವನ್ನು ಒಂದೇ ದನಿಯಲ್ಲಿ ಓದಿ, ಓದುವ ಮೊದಲು ಹತ್ತು ಸೆಕೆಂಡ್ ಅಲುಗಾಡದೆ ಕೂತರೆ ಸಾಕು.

ಜುಲೈ ತಿಂಗಳ ಒಂದು ಸಂಜೆ, ಮಳೆ ಬಿಟ್ಟು ಜೀರುಂಡೆ ಶುರುವಾದ ಹೊತ್ತಿನ ನನ್ನ ಅಳತೆ ಹೀಗಿದೆ. ಬಾಯಿಂದ ಒಂದು ಗೇಣು, ಸುಮಾರು 22 ಸೆಂಟಿಮೀಟರ್ ದೂರದಲ್ಲಿಟ್ಟ ಕಂಡೆನ್ಸರಿನಲ್ಲಿ ಮಾತು ಮೈನಸ್ 20, ಗದ್ದಲ ಮೈನಸ್ 44, ಅಂದರೆ ಅಂತರ 24 ಡಿಬಿ. ಅದೇ ಗೇಣಿನಲ್ಲಿ ಡೈನಾಮಿಕ್ ಇಟ್ಟು ಮಾತನ್ನು ಮೈನಸ್ 20ಕ್ಕೆ ತಂದಾಗ ಅಂತರ 25. ಗೆದ್ದದ್ದು ಒಂದೇ ಒಂದು ಡಿಬಿ, ಅದೂ ಡೈನಾಮಿಕ್‌ನ ಕಿವಿ 10 ಕಿಲೋಹರ್ಟ್ಸ್‌ ದಾಟಿದ ಮೇಲೆ ಮಂದವಾಗುವುದರಿಂದ. ಆಮೇಲೆ ಡೈನಾಮಿಕ್ಕನ್ನು ಬಾಯಿಂದ ನಾಲ್ಕು ಬೆರಳಿನಷ್ಟು, ಅಂದರೆ 7 ಸೆಂಟಿಮೀಟರ್ ದೂರಕ್ಕೆ ತಂದಾಗ ಅಂತರ 35ಕ್ಕೆ ಏರಿತು. ಕಂಡೆನ್ಸರನ್ನೂ ನಾಲ್ಕು ಬೆರಳಿಗೆ ತಂದಾಗ 34.

ಹತ್ತು ಡಿಬಿ ಸಿಕ್ಕಿದ್ದು ಮೈಕಿನಿಂದ ಅಲ್ಲ, ದೂರದಿಂದ. ದೂರ ಅರ್ಧವಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ದನಿ 6 ಡಿಬಿ ಏರುತ್ತದೆ. ಕೋಣೆ ತುಂಬ ಹರಡಿಕೊಂಡ ಗದ್ದಲ ಮಾತ್ರ ಮೈಕು ಎಲ್ಲಿದ್ದರೂ ಅಷ್ಟೇ. 22ರಿಂದ 7ಕ್ಕೆ ಬಂದರೆ ಲೆಕ್ಕದ ಪ್ರಕಾರವೇ ಸುಮಾರು 10 ಡಿಬಿ. ಕಾವಿ ನೆಲದಿಂದ, ಬರಿಗೋಡೆಯಿಂದ ಬರುವ ಗುಂಯ್ ಎನ್ನುವ ಪ್ರತಿಧ್ವನಿಗೂ ಇದೇ ಲೆಕ್ಕ, ಹಾಗಾಗಿ ಹತ್ತಿರ ಬಂದರೆ ಎರಡೂ ಒಟ್ಟಿಗೆ ಇಳಿಯುತ್ತವೆ.

ಹಾಗಿದ್ದರೆ ಕಂಡೆನ್ಸರನ್ನೇ ನಾಲ್ಕು ಬೆರಳಿಗೆ ಇಟ್ಟು ಓದಬಾರದೇ? ಓದಬಹುದು, ಆದರೆ ಹತ್ತು ನಿಮಿಷದಲ್ಲಿ ಸಾಕೆನಿಸುತ್ತದೆ. ಅದರ ಪೊರೆ ಬಹಳ ಹಗುರ. ಕನ್ನಡದ ಭ, ಫ, ಘ, ಧಗಳು ಉಸಿರನ್ನು ಹೊತ್ತುಕೊಂಡೇ ಹೊರಡುವ ಅಕ್ಷರಗಳು. ಗಮಕದಲ್ಲಿ ಮಹಾಪ್ರಾಣವನ್ನು ಒತ್ತಿ ಹೇಳಿದಾಗ ಪ್ರತಿಸಲ ಧಬ್ ಎಂದು ಗುದ್ದು ಬೀಳುತ್ತದೆ. ತುಟಿ ಅಂಟಿ ಬಿಡುವ ಸದ್ದು, ಎಲೆಅಡಿಕೆ ಹಾಕಿದವರ ಬಾಯಿಯ ಪಿಚಪಿಚ, ಸ-ಶಗಳ ಸೀಟಿ ಎಲ್ಲವೂ ಎದ್ದು ಕಾಣುತ್ತವೆ. ಎಸ್‌ಎಂ58ರಂಥ ಡೈನಾಮಿಕ್‌ನ ಪೊರೆಗೆ ತಂತಿಯ ಸುರುಳಿ ಅಂಟಿಕೊಂಡಿರುವುದರಿಂದ ಅದು ಭಾರ. ಜಾಲರಿಯ ಒಳಗೆ ಸ್ಪಂಜೂ ಇರುತ್ತದೆ. ಬಾಯಿಗೆ ಹಿಡಿದುಕೊಂಡು ಬಳಸಲೆಂದೇ ಮಾಡಿದ ಮೈಕು ಅದು. ಅಂದರೆ ಡೈನಾಮಿಕ್ ಗದ್ದಲವನ್ನು ಬಿಡುವುದಲ್ಲ, ಗದ್ದಲವನ್ನು ಸೋಲಿಸುವಷ್ಟು ಹತ್ತಿರ ಬರಲು ನಮ್ಮನ್ನು ಬಿಡುತ್ತದೆ.

ಕಂಡೆನ್ಸರ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಸೆಲ್ಫ್ ನಾಯ್ಸ್, ಅಂದರೆ ಮೈಕಿನದ್ದೇ ಒಳಸದ್ದಿನ ಅಂಕಿ ನೋಡಿ ಮರುಳಾಗುತ್ತಾರೆ. ಎಟಿ2020ರದ್ದು 20 ಡಿಬಿ, ಬೆಲೆ ಜಾಸ್ತಿಯಾದವುಗಳಲ್ಲಿ 5ಕ್ಕೂ ಇಳಿಯುತ್ತದೆ. ಮೌನವಾದ ಸ್ಟುಡಿಯೋದಲ್ಲಿ ಆ ಅಂಕಿಗೆ ಬೆಲೆ ಇದೆ. ನಮ್ಮ ಕೋಣೆಯ ಗದ್ದಲವೇ 40 ಡಿಬಿ ಇರುವಾಗ 5 ಆದರೇನು, 20 ಆದರೇನು, ಎರಡೂ ಅದರಡಿ ಮುಚ್ಚಿಹೋಗುತ್ತವೆ. ಒಳಸದ್ದು ಮೈನಸ್ 128 ಡಿಬಿಯು ಎಂದು ಬರೆದಿರುವ ಸಾಧಾರಣ ಇಂಟರ್‌ಫೇಸಿಗೆ ಎಸ್‌ಎಂ58 ಹಾಕಿದಾಗ ಇಂಟರ್‌ಫೇಸಿನ ಸುಯ್ ಸದ್ದು ಲೆಕ್ಕಕ್ಕೆ ಸುಮಾರು 18 ಡಿಬಿ ಗದ್ದಲಕ್ಕೆ ಸಮ. ಹಾಗಾಗಿ ಗೇನ್ ಏರಿಸಲು ಹೆದರಬೇಕಿಲ್ಲ. ಮಾಮೂಲಿ ಮಾತಿನ ದನಿಗೆ ನಾಲ್ಕು ಬೆರಳಿನಲ್ಲಿ 50ರಿಂದ 55 ಡಿಬಿ ಗೇನ್ ಬೇಕಾಗುತ್ತದೆ, ಅದು ಹೆಚ್ಚಿನ ಇಂಟರ್‌ಫೇಸುಗಳಲ್ಲಿ ಸಿಗುತ್ತದೆ. ಗೇಣಿನ ದೂರಕ್ಕೆ ಹೋದರೆ ಇನ್ನೂ 10 ಬೇಕು, ಅಲ್ಲಿ ತಿರುಪು ತುದಿ ಮುಟ್ಟುತ್ತದೆ. ಡೈನಾಮಿಕ್‌ನಲ್ಲಿ ದನಿ ಸಾಲದು, ಬರೀ ಸುಯ್ ಸದ್ದು ಎಂದು ದೂರುವವರ ಮೈಕು ನಾನು ನೋಡಿದಂತೆ ದೂರದಲ್ಲೇ ಇರುತ್ತದೆ.

ನಾನು ಇಡುವ ಕ್ರಮ ಇದು. ಮೈಕನ್ನು ಬಾಯಿಯ ನೇರಕ್ಕೆ ಇಡುವುದಿಲ್ಲ, ಬಾಯಿಯ ಮೂಲೆಯಿಂದ ಪಕ್ಕಕ್ಕೆ ಸರಿಸಿ, ಅದರ ಮೂತಿ ಬಾಯಿಗೆ ತಿರುಗುವಂತೆ 45 ಡಿಗ್ರಿ ಓರೆಗೆ ನಿಲ್ಲಿಸುತ್ತೇನೆ. ಉಸಿರು ನೇರ ಮುಂದಕ್ಕೆ ಹೋಗುತ್ತದೆ, ದನಿ ಮೈಕಿಗೆ ಬರುತ್ತದೆ. ಕಾರ್ಡಿಯಾಯ್ಡ್ ಮೈಕಿಗೆ ಕಿವುಡು ಇರುವುದು ಬಾಲದ ಕಡೆ, ಆದ್ದರಿಂದ ಬಾಲ ಕಿಟಕಿಯ ಕಡೆಗಿರಬೇಕು. ಸೂಪರ್‌ಕಾರ್ಡಿಯಾಯ್ಡ್ ಆದರೆ ಹಾಗಲ್ಲ. ಅದರ ಬಾಲದಲ್ಲಿ ಸ್ವಲ್ಪ ಕಿವಿ ಇರುತ್ತದೆ, ಕಿವುಡು ಇರುವುದು ಮೂತಿಯಿಂದ ಸುಮಾರು 126 ಡಿಗ್ರಿಯಲ್ಲಿ, ಎರಡೂ ಬದಿಗೆ. ಕಿಟಕಿಯನ್ನು ಆ ಓರೆಗೆ ತರಬೇಕು. ಇದರ ಲಾಭಕ್ಕೂ ಮಿತಿ ಇದೆ: ಕಿಟಕಿಯಿಂದ ಬಂದ ಸದ್ದು ಬರಿಗೋಡೆಗೆ ಬಡಿದು ಮೂತಿಯ ಕಡೆಯಿಂದಲೂ ಬರುತ್ತದೆ. ಅದಕ್ಕೇ ಕಂಬಳಿ. ಎಲ್ಲರೂ ಕಂಬಳಿಯನ್ನು ಮೈಕಿನ ಹಿಂದೆ ನೇತುಹಾಕುತ್ತಾರೆ. ಮೈಕು ನೋಡುತ್ತಿರುವುದು ಓದುವವರ ಬೆನ್ನ ಹಿಂದಿನ ಗೋಡೆಯನ್ನು. ಎರಡು ದಪ್ಪ ಕಂಬಳಿಯನ್ನು ಅಲ್ಲಿ, ಗೋಡೆಯಿಂದ ಒಂದು ಗೇಣು ಬಿಟ್ಟು ಹಗ್ಗದ ಮೇಲೆ ಹಾಕಬೇಕು. ನೆಲಕ್ಕೆ ಒಂದು ಹಾಸಿಗೆ.

"ಇಷ್ಟು ಹತ್ರ ಬೇಕಾ ಮಾರಾಯ್ರೆ, ಬಾಯಿಗೇ ತಾಗತ್ತಲ್ಲ" ಎಂದು ಓದುವವರು ಮೊದಲ ದಿನ ಹೇಳಿಯೇ ಹೇಳುತ್ತಾರೆ. ಬೇಕು. ಆದರೆ ಹತ್ತಿರ ಬಂದಾಗ ದನಿಯ ಕೆಳಭಾಗ ಉಬ್ಬಿ, ಹಂಡೆಯೊಳಗಿಂದ ಮಾತಾಡಿದಂತೆ ಆಗುತ್ತದೆ. ಕಾರ್ಡಿಯಾಯ್ಡ್‌ಗಳ ಸ್ವಭಾವ ಅದು. 100 ಹರ್ಟ್ಸ್‌ ಕೆಳಗನ್ನು ಹೈಪಾಸ್‌ನಿಂದ ಕತ್ತರಿಸಿ, 200ರ ಸುತ್ತ ಎರಡು ಮೂರು ಡಿಬಿ ತಗ್ಗಿಸಿದರೆ ಸರಿಹೋಗುತ್ತದೆ. ದೂರದ ಪಂಪ್‌ಸೆಟ್ಟಿನ ಗುರ್ ಸದ್ದಿನ ಬುಡವೂ ಅದರ ಜೊತೆ ಹೋಗುತ್ತದೆ. ಇನ್ನೊಂದು ತೊಂದರೆ ತಲೆ ಅಲುಗಾಡುವುದು: ನಾಲ್ಕು ಬೆರಳು ಎಂಟಾದರೆ ದನಿ 6 ಡಿಬಿ ಬಿದ್ದುಹೋಗುತ್ತದೆ. ಪಾಪ್ ಫಿಲ್ಟರ್ ಜಾಲರಿಯನ್ನು ಮೈಕಿನಿಂದ ಮೂರು ಬೆರಳು ಮುಂದೆ ನಿಲ್ಲಿಸಿ, ಮೂಗು ಅದಕ್ಕೆ ತಾಗಿಯೂ ತಾಗದಂತೆ ಇರಲಿ ಎಂದು ಹೇಳಿದರೆ ದೂರ ತಾನಾಗಿ ನಿಲ್ಲುತ್ತದೆ. ಜೋರು-ಮೆಲ್ಲ ದನಿಯನ್ನು ಸಮ ಮಾಡುವ ಕಂಪ್ರೆಸರ್ ಹಾಕಿ ಆಮೇಲೆ ಸರಿಮಾಡೋಣ ಎಂದರೆ ಅದು 6 ಡಿಬಿ ಒತ್ತಿ ಮತ್ತೆ 6 ಏರಿಸುವಾಗ ಜೀರುಂಡೆಯನ್ನೂ 6 ಏರಿಸುತ್ತದೆ.

ಮಳೆಗಾಲಕ್ಕೆ ಇನ್ನೊಂದು ಲೆಕ್ಕ ಇದೆ, ಬಯಲುಸೀಮೆಯವರು ಇದನ್ನು ಯೋಚಿಸಬೇಕಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ, ಚಪ್ಪಲಿಗೆ ಬೂಸ್ಟು ಹಿಡಿಯುವ ಜಾಗದಲ್ಲಿ ಮೈಕನ್ನು ಬಿಡುತ್ತದೆಯೇ? ಕಂಡೆನ್ಸರಿನ ಒಳಗಿನ ಸರ್ಕ್ಯೂಟಿನ ರೋಧ ಎಷ್ಟು ಹೆಚ್ಚೆಂದರೆ ಕ್ಯಾಪ್ಸೂಲಿನ ಮೇಲೆ ಕೂತ ತೇವದ ಪಸೆಯಲ್ಲೇ ವಿದ್ಯುತ್ ಸೋರುತ್ತದೆ. ಆಗ ಒಗ್ಗರಣೆಗೆ ಸಾಸಿವೆ ಸಿಡಿದಂತೆ ಚಟಪಟ ಸದ್ದು ಬರುತ್ತದೆ, ಮಾತಾಡದಿದ್ದಾಗಲೂ. ಕೇಬಲ್ ಅಲ್ಲಾಡಿಸಿದಾಗ ಸದ್ದು ಬದಲಾದರೆ ದೋಷ ಕೇಬಲಿನದ್ದು. ಬದಲಾಗದೆ ತನ್ನ ಪಾಡಿಗೆ ಸಿಡಿಯುತ್ತಿದ್ದರೆ ತೇವ ಎಂದು ಶಂಕಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಪೊರೆ ಹಾಳಾದೀತು. ಗಾಳಿಯಾಡದ ಡಬ್ಬಿಯಲ್ಲಿ ಹೊಸ ಸಿಲಿಕಾ ಜೆಲ್ ಜೊತೆ ಒಂದೆರಡು ದಿನ ಇಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ಬಣ್ಣ ಬದಲಾಗುವ ಜೆಲ್ ತಗೊಂಡರೆ ಯಾವಾಗ ಸತ್ತಿತು ಎಂದು ಗೊತ್ತಾಗುತ್ತದೆ. ಡೈನಾಮಿಕ್‌ಗೆ ಈ ಕಾಯಿಲೆ ಇಲ್ಲ. ಅದರ ಸ್ಪಂಜು ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಿದರಾಯಿತು.

ಅಷ್ಟಾದರೂ ನನ್ನ ಡಬ್ಬಿಯಲ್ಲಿ ಒಂದು ಕಂಡೆನ್ಸರ್ ಇದೆ. ವಾಚನ-ವ್ಯಾಖ್ಯಾನ ಎರಡೂ ಇರುವಾಗ, ತಲೆದೂಗುತ್ತ ಕೈಯಾಡಿಸುತ್ತ ಹಾಡುವವರನ್ನು ನಾಲ್ಕು ಬೆರಳಿಗೆ ಕಟ್ಟಿಹಾಕಿದರೆ ವಾಚನವೇ ಸತ್ತುಹೋಗುತ್ತದೆ. ತಂಬೂರಿಗೂ ಅಷ್ಟೇ, ಡೈನಾಮಿಕ್ ಅದರ ಮೇಲಿನ ಮಿನುಗನ್ನು ಹಿಡಿಯುವುದಿಲ್ಲ. ಅಂಥದ್ದಕ್ಕೆ ಫೆಬ್ರವರಿಯ ನಡುಮಧ್ಯಾಹ್ನ, ಅಡಿಕೆ ಸುಲಿಯುವ ಯಂತ್ರ ನಿಂತ ಮೇಲೆ, ಫ್ಯಾನ್ ಆರಿಸಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಕಂಡೆನ್ಸರ್ ಅನ್ನು ಒಂದೂವರೆ ಗೇಣಿಗೆ ಇಡುತ್ತೇನೆ.

ಆಡಿಯೋ ಪುಸ್ತಕಗಳನ್ನು ಮಾರಾಟಕ್ಕೆ ತೆಗೆದುಕೊಳ್ಳುವ ಎಸಿಎಕ್ಸ್ ಎಂಬ ತಾಣ ಕೇಳುವುದು ಮಾತು ಮೈನಸ್ 23ರಿಂದ 18ರೊಳಗೆ, ಗದ್ದಲ ಮೈನಸ್ 60ಕ್ಕಿಂತ ಕೆಳಗೆ. ನಾಲ್ಕು ಬೆರಳಿನ ಡೈನಾಮಿಕ್ ನನಗೆ ಮೈನಸ್ 55 ಕೊಟ್ಟಿತ್ತು. ಉಳಿದದ್ದಕ್ಕೆ ಆಡಾಸಿಟಿಯ `Noise Reduction` ನಲ್ಲಿ 6 ಡಿಬಿ ಸಾಕು, ಮೊದಲ ಹತ್ತು ಸೆಕೆಂಡಿನ ಮೌನವೇ ಅದಕ್ಕೆ ಮಾದರಿ. ಗೇಣಿನಲ್ಲಿ ರೆಕಾರ್ಡ್ ಮಾಡಿದ್ದಕ್ಕೆ 16 ತೆಗೆಯಲು ಹೋದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಶೀಟಿನ ಮೇಲೆ ಜಡಿಮಳೆ ಬೀಳುವಾಗ ಇದಾವುದೂ ನಡೆಯುವುದಿಲ್ಲ. ಸದ್ದು ತಲೆಯ ಮೇಲಿನ ಇಡೀ ಮಾಡಿನಿಂದ ಬರುವುದರಿಂದ ಕಿವುಡು ಬಾಲ ತಿರುಗಿಸಲು ಒಂದು ದಿಕ್ಕೇ ಇರುವುದಿಲ್ಲ, ಹನಿಯ ಲಯ ಬದಲಾಗುತ್ತಲೇ ಇರುವುದರಿಂದ ಸಾಫ್ಟ್‌ವೇರಿಗೂ ಮಾದರಿ ಸಿಗುವುದಿಲ್ಲ. ಆಗ ಮೈಕನ್ನು ಡಬ್ಬಿಗೆ ಹಾಕಿ ಮಳೆ ಬಿಡುವವರೆಗೆ ಕಾಯುತ್ತೇನೆ.