ಸೇತುವೆ ಸುದ್ದಿಯ ನಾಲ್ಕು ಫೋಟೊ, ನಾಲ್ಕು ಅಡಿಬರಹ

ಡೆಸ್ಕಿನಲ್ಲಿ ಕೂತು ಸುದ್ದಿ ತಿದ್ದುವವರು ಫೋಟೊ ಅಡಿಬರಹಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ತಲೆಬರಹ ಕೊಟ್ಟಾಯ್ತು, ಇಂಟ್ರೊ ತಿದ್ದಿದ್ದಾಯ್ತು, ಪುಟ ಕಳಿಸಲು ಹತ್ತು ನಿಮಿಷ ಉಳಿದಿದೆ. ಆಗ ವರದಿಗಾರ ಬರೆದ ಸಾಲಿನಲ್ಲಿ ಒಂದು ಒತ್ತಕ್ಷರ ಸರಿಮಾಡಿ ಮುಂದೆ ಹೋಗುವುದು. ಆ ಸಾಲುಗಳೂ ನಮಗೆ ಬಾಯಿಪಾಠವಾಗಿರುತ್ತವೆ: ‘...ದ ದೃಶ್ಯ’, ‘...ತ್ತಿರುವುದು’, ‘ಮತ್ತಿತರರು ಇದ್ದರು’.

ಈಗ ಕ್ರಮ ಬದಲಿಸಿಕೊಂಡಿದ್ದೇನೆ. ಮೊದಲು ಅಡಿಬರಹ ಓದುವುದಿಲ್ಲ, ಫೋಟೊ ನೋಡುತ್ತೇನೆ. ಪರದೆಯ ತುಂಬ ದೊಡ್ಡದು ಮಾಡಿ, ಮೂಲೆಮೂಲೆ ನೋಡಿ, ‘ಇದೇನು?’ ಅನ್ನಿಸಿದ್ದನ್ನು ಒಂದು ಚೀಟಿಯಲ್ಲಿ ಗೀಚಿಕೊಳ್ಳುತ್ತೇನೆ. ಓದುಗರಿಗೂ ಅದೇ ಪ್ರಶ್ನೆ ಬರುತ್ತದೆ. ಅಡಿಬರಹ ಅದಕ್ಕೆ ಉತ್ತರ ಕೊಡುತ್ತಿದೆಯಾ ಎಂದು ಆಮೇಲೆ ನೋಡುತ್ತೇನೆ. ಒಂದು ಸುದ್ದಿಯಲ್ಲಿ ಇದು ಹೇಗೆ ನಡೆಯಿತು ಎಂದು ಹೇಳುತ್ತೇನೆ.

ಸೇತುವೆಯ ಕಂಬವೊಂದರಲ್ಲಿ ಬಿರುಕು ಕಂಡಿದ್ದರಿಂದ ಬಸ್ಸು, ಲಾರಿ ಓಡಾಟ ನಿಲ್ಲಿಸಿದ್ದರು. ವರದಿಯ ಜೊತೆ ನಾಲ್ಕು ಫೋಟೊ ಬಂದಿದ್ದವು.

ಮೊದಲನೆಯದು ನದಿ ದಂಡೆಯಿಂದ ತೆಗೆದ ಇಡೀ ಸೇತುವೆ. ಅಡಿಯಲ್ಲಿ ‘ಬಿರುಕು ಬಿಟ್ಟಿರುವ ಸೇತುವೆಯ ದೃಶ್ಯ’ ಎಂದಿತ್ತು. ಎಷ್ಟು ದೊಡ್ಡದು ಮಾಡಿದರೂ ಬಿರುಕು ಮಾತ್ರ ಕಾಣಲಿಲ್ಲ. ಅಷ್ಟು ದೂರದಿಂದ ಕಾಣುವುದೂ ಇಲ್ಲ ಬಿಡಿ. ಆದರೆ ‘ಬಿರುಕು’ ಅಂತ ಬರೆದರೆ ಓದುಗ ಹುಡುಕುತ್ತಾನೆ, ಸಿಗದಿದ್ದರೆ ಫೋಟೊ ಮೇಲೇ ಅನುಮಾನ ಪಡುತ್ತಾನೆ. ಫೋಟೊಗ್ರಾಫರಿಗೆ ಫೋನ್ ಮಾಡಿ, ಯಾವ ದಂಡೆಯಿಂದ ತೆಗೆದದ್ದು, ಯಾವ ಕಂಬ ಎಂದು ಕೇಳಿದೆ. ಹೊಸ ಅಡಿಬರಹ ಹೀಗಾಯಿತು: ‘ಬಿರುಕು ಕಂಡಿರುವುದು ಎಡದಿಂದ ಮೂರನೇ ಕಂಬದಲ್ಲಿ. ಸೇತುವೆ ಮೇಲೆ ಈಗ ಬೈಕು, ಕಾರುಗಳಿಗಷ್ಟೇ ಅವಕಾಶ.’ ಫೋಟೊದಲ್ಲಿ ಒಂದು ಕಾರು ಹೋಗುತ್ತಿತ್ತು. ಎರಡನೇ ವಾಕ್ಯ ಇಲ್ಲದಿದ್ದರೆ ‘ಸಂಚಾರ ನಿಂತಿದೆ ಅಂತೀರಿ, ಕಾರು ಹೋಗ್ತಿದೆಯಲ್ಲ’ ಎಂದು ಯಾರಾದರೂ ಕೇಳುತ್ತಿದ್ದರು.

‘ಎಡದಿಂದ’ ಎಂದು ಬರೆದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಹಿಂದೊಮ್ಮೆ ಏಳು ಜನರ ಫೋಟೊಗೆ ಎಡದಿಂದ ಹೆಸರುಗಳನ್ನು ಜೋಡಿಸಿ ಕೊಟ್ಟಿದ್ದೆ. ಜಾಗ ಸಾಲದೆ ಪುಟ ಕಟ್ಟುವವರು ಎಡಗಡೆ ನಿಂತವರನ್ನು ಕತ್ತರಿಸಿದರು. ಆರು ಮುಖಕ್ಕೆ ಏಳು ಹೆಸರು. ಅಷ್ಟೂ ಜನರಿಗೆ ಪಕ್ಕದವರ ಹೆಸರು ಬಿತ್ತು. ಮಾರನೆಯ ದಿನ ತಿದ್ದುಪಡಿ ಹಾಕಿದೆವು. ಅಂದಿನಿಂದ ಕತ್ತರಿಸಿ ಕೂರಿಸಿದ ಫೋಟೊವನ್ನು ಪುಟದ ಮೇಲೆಯೇ ನೋಡಿ, ತಲೆ ಎಣಿಸಿ, ಹೆಸರು ಎಣಿಸುತ್ತೇನೆ. ಈ ಸಲ ಎಣಿಸಿದ್ದು ಕಂಬ. ಎಡಗಡೆ ಕಂಬ ಹೋಗಿರಲಿಲ್ಲ, ಸದ್ಯ.

ಎರಡನೇ ಫೋಟೊ ನನಗೆ ತುಂಬ ಹಿಡಿಸಿತು. ಒಬ್ಬರು ಕುಕ್ಕರಗಾಲಲ್ಲಿ ಕೂತು ಕಂಬಕ್ಕೆ ಏನನ್ನೋ ಒತ್ತಿ ಹಿಡಿದಿದ್ದಾರೆ. ಅಡಿಬರಹ: ‘ಅಧಿಕಾರಿಗಳು ಪರಿಶೀಲನೆ ನಡೆಸಿದರು’. ಇರುವುದು ಒಬ್ಬರು, ‘ಅಧಿಕಾರಿಗಳು’ ಎಲ್ಲಿಂದ ಬಂದರು? ಅವರು ಅಧಿಕಾರಿಯೇ ಹೌದಾ? ಕೈಯಲ್ಲಿರುವುದೇನು? ವರದಿಗಾರನಿಗೆ ಫೋನ್ ಮಾಡಿದೆ.

‘ಆ ಹೊಳೆಯೋ ಪಟ್ಟಿ ಏನಪ್ಪಾ?’

‘ಗಾಜು ಸರ್. ಬಿರುಕಿನ ಮೇಲೆ ಅಡ್ಡ ಅಂಟಿಸ್ತಾರೆ. ಅವರು ಎಂಜಿನಿಯರ್ರೇ, ಕೇಳಿದೀನಿ.’

ತೆಳು ಗಾಜಿನ ಎರಡೂ ತುದಿಯನ್ನು ಬಿರುಕಿನ ಆಚೆ ಈಚೆ ಗಟ್ಟಿಯಾಗಿ ಅಂಟಿಸುತ್ತಾರೆ. ಬಿರುಕು ಸ್ವಲ್ಪ ಬಾಯಿಬಿಟ್ಟರೂ ಗಾಜು ಬಗ್ಗುವುದಿಲ್ಲ, ಸೀಳುತ್ತದೆ. ಇಷ್ಟು ಚೆಂದದ ಮಾಹಿತಿ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಹೀಗೆ ತಿದ್ದಿದೆ: ‘ಕಂಬದ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುತ್ತಿರುವ ಎಂಜಿನಿಯರ್. ಬಿರುಕು ಅಗಲವಾದರೆ ಗಾಜು ಸೀಳುತ್ತದೆ.’ ಮೊದಲ ವಾಕ್ಯ ಕಾಣುವುದನ್ನು ಹೇಳುತ್ತದೆ, ಎರಡನೆಯದು ಕಾಣದ್ದನ್ನು. ‘ಇದರಿಂದ ಸೇತುವೆ ಸುರಕ್ಷಿತವೇ ಎಂಬುದು ತಿಳಿಯಲಿದೆ’ ಎಂದು ಸೇರಿಸೋಣ ಅಂದ ವರದಿಗಾರ. ಬೇಡ ಅಂದೆ. ಬಿರುಕು ಅಲುಗಿತು ಎನ್ನುವುದಷ್ಟನ್ನೇ ಗಾಜು ಹೇಳುತ್ತದೆ. ಎಷ್ಟು ಅಲುಗಿತು, ಸೇತುವೆ ನಿಲ್ಲುತ್ತದಾ ಎನ್ನುವುದನ್ನು ಹೇಳುವುದಿಲ್ಲ. ಅಡಿಬರಹದಲ್ಲಿ ಮಾಹಿತಿ ಸೇರಿಸುವಾಗ ಹೀಗೆ ಒಂದು ಹೆಜ್ಜೆ ಮುಂದೆ ಹೋಗಿಬಿಡುವುದು ಬಹಳ ಸುಲಭ.

ಮೂರನೆಯದು ಸಾಲುಗಟ್ಟಿ ನಿಂತ ಲಾರಿಗಳು. ‘ಸಂಚಾರ ಬಂದ್ ಆಗಿ ಲಾರಿಗಳು ಸಾಲುಗಟ್ಟಿ ನಿಂತಿರುವುದು.’ ಓದಲು ಏನೂ ತಪ್ಪಿಲ್ಲ. ಆದರೆ ಉಳಿದ ಮೂರರಲ್ಲಿ ಮೋಡ ಮುಸುಕಿತ್ತು, ನೆಲ ಒದ್ದೆಯಿತ್ತು. ಇದರಲ್ಲಿ ಚುರುಗುಡುವ ಬಿಸಿಲು, ರಸ್ತೆ ಬದಿ ಹುಲ್ಲು ಒಣಗಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದ್ದರಿಂದ ತೆಗೆದ ದಿನಾಂಕ ಅಳಿಸಿಹೋಗಿತ್ತು. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಹಾಗೆ ಕಳಿಸಿದರೆ ಕ್ಯಾಮೆರಾ ಬರೆದಿಟ್ಟ ದಿನಾಂಕ ಉಳಿದಿರುತ್ತದೆ. ನೋಡಿದರೆ ನಾಲ್ಕು ತಿಂಗಳು ಹಳೆಯದು. ಕ್ಯಾಮೆರಾದ ಗಡಿಯಾರವೇ ತಪ್ಪಿರಬಹುದು, ಅದಕ್ಕೇ ಫೋಟೊಗ್ರಾಫರನ್ನೂ ಕೇಳಿದೆ. ‘ಹೌದು, ಡಾಂಬರು ಹಾಕುವಾಗ ತೆಗೆದದ್ದು’ ಎಂದರು. ‘ಸಂಗ್ರಹ ಚಿತ್ರ’ ಎಂದು ಹಾಕಿ ಉಳಿಸಿಕೊಳ್ಳಬಹುದಿತ್ತು. ನಾನು ತೆಗೆದೇ ಹಾಕಿದೆ. ಬೇರೆ ಕಾರಣಕ್ಕೆ ನಿಂತ ಲಾರಿಗಳನ್ನು ಈ ಸುದ್ದಿಯ ಜೊತೆ ತೋರಿಸಿದರೆ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಏನು ಬರೆದರೂ ಕಣ್ಣು ನಂಬುವುದು ಲಾರಿಗಳನ್ನೇ.

ನಾಲ್ಕನೆಯದರಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಸೇತುವೆ ಮೇಲೆ ನಡೆದುಬರುತ್ತಿದ್ದರು. ‘ಸಂಕಷ್ಟದಲ್ಲಿ ಗ್ರಾಮಸ್ಥರು’ ಎಂದಿತ್ತು. ಆಕೆಯ ಮುಖದಲ್ಲಿ ನಗು! ಸಂಕಷ್ಟ ಇರಬಹುದು, ಫೋಟೊದಲ್ಲಿ ಇರಲಿಲ್ಲ ಅಷ್ಟೆ. ವರದಿಯಲ್ಲೇ ಹುಡುಕಿದಾಗ, ಬಸ್ಸುಗಳು ಸೇತುವೆಯ ಈಚೆಗೇ ನಿಲ್ಲುತ್ತವೆ ಎಂದು ಏಳನೇ ಪ್ಯಾರಾದಲ್ಲಿ ಸಿಕ್ಕಿತು. ‘ಬಸ್ಸು ಇಳಿದು ಸೇತುವೆಯನ್ನು ನಡೆದು ದಾಟುತ್ತಿರುವ ತಾಯಿ, ಮಗು. ಆಚೆ ದಂಡೆಯಲ್ಲಿ ಇನ್ನೊಂದು ಬಸ್ಸು ಹತ್ತಬೇಕು’ ಎಂದು ಬರೆದು, ಫೋಟೊಗ್ರಾಫರಿಗೆ ಓದಿ ಹೇಳಿದೆ. ‘ಬಸ್ಸಿನಿಂದ ಇಳಿದದ್ದನ್ನು ನಾನೇ ನೋಡಿದೆ. ಆದರೆ ತಾಯಿಯೋ ಚಿಕ್ಕಮ್ಮನೋ ಕೇಳಿಲ್ಲ’ ಎಂದರು. ‘ಮಹಿಳೆ ಮತ್ತು ಮಗು’ ಎಂದು ಮಾಡಿದೆ.

ಎರಡು ದಿನ ಬಿಟ್ಟು ಅದೇ ವರದಿಗಾರ ಇನ್ನೊಂದು ಫೋಟೊ ಕಳಿಸಿದ. ಕಂಬ, ಗಾಜು, ಪಕ್ಕದಲ್ಲಿ ಮಾರ್ಕರಿನಲ್ಲಿ ಬರೆದ ದಿನಾಂಕ. ಅಡಿಯಲ್ಲಿ ಅವನೇ ಬರೆದಿದ್ದ: ‘ಗಾಜು ಅಂಟಿಸಿ ಎರಡು ದಿನ. ಬಿರುಕು ಹೆಚ್ಚಿಲ್ಲ. ಪಕ್ಕದಲ್ಲಿರುವುದು ಅಂಟಿಸಿದ ದಿನಾಂಕ.’ ‘ಬಿರುಕು ಹೆಚ್ಚಿಲ್ಲ’ ಎಂಬುದನ್ನು ‘ಮಂಗಳವಾರ ಮಧ್ಯಾಹ್ನದವರೆಗೆ ಗಾಜು ಸೀಳಿಲ್ಲ’ ಎಂದು ಮಾಡಿ ಪುಟಕ್ಕೆ ಕಳಿಸಿದೆ.